ವೃದ್ಧಾಶ್ರಮಕ್ಕೆ ಹೋಗ್ತಿದ್ದೀವಿ: ರಗ್ಗು, ಬಾಳೆಹಣ್ಣು ಬಿಟ್ಟು ಏನು ಕೊಡಬಹುದು?

ಸುಮಾ, ಮೈಸೂರು

ನಮ್ಮ ಬಡಾವಣೆಯ ಭಜನಾ ಮಂಡಳಿಯಿಂದ ಬರೋ ತಿಂಗಳು ಊರಾಚೆ ಇರೋ ಒಂದು ವೃದ್ಧಾಶ್ರಮಕ್ಕೆ ಹೋಗೋದು ಅಂತ ಮಾತಾಗಿದೆ. ಅಲ್ಲಿ 34 ಜನ ಇದ್ದಾರೆ. 21 ಹೆಂಗಸರು, 13 ಗಂಡಸರು. ಅವರಲ್ಲಿ ಆರು ಜನ ಹಾಸಿಗೆ ಹಿಡಿದವರು. ಎಲ್ಲರೂ ಸೇರಿ ಹಾಕಿದ ದುಡ್ಡು 30,000 ರೂಪಾಯಿ ಆಗಿದೆ.

ಮಂಡಳಿಯಲ್ಲಿ ಹೆಚ್ಚಿನವರು ತಲೆಗೊಂದು ರಗ್ಗು, ಬಾಳೆಹಣ್ಣು, ಒಂದು ಸ್ವೀಟ್ ಬಾಕ್ಸ್ ಕೊಟ್ಟು ಭಜನೆ ಮಾಡಿ ಬರೋಣ ಅಂತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಕಳೆದ ಸಲ ಬೇರೆ ಗುಂಪಿನ ಜೊತೆ ಹೋಗಿದ್ದಾಗ ಅಲ್ಲಿನ ಅಜ್ಜಿಯೊಬ್ಬರ ಮಂಚದ ಕೆಳಗೆ ಪ್ಲಾಸ್ಟಿಕ್ ಕವರೂ ತೆಗೆಯದ ಮೂರು ರಗ್ಗು ನೋಡಿದ್ದೆ. ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳಿದರೆ "ನಿಮಗೆ ಏನು ಅನುಕೂಲವೋ ಅದನ್ನೇ ತನ್ನಿ ಮೇಡಂ" ಅಂದರು.

ಅವರಿಗೆ ನಿಜವಾಗಿ ಉಪಯೋಗಕ್ಕೆ ಬರಬೇಕು, ತಗೊಳ್ಳುವಾಗ ಮುಜುಗರವೂ ಆಗಬಾರದು. ತಿಳಿದವರು ಹೇಳಿ.

ಕಿರಣ್, ಬೆಂಗಳೂರು

ನೇರವಾಗಿ ಹೇಳ್ತೀನಿ. ಅಡಲ್ಟ್ ಡೈಪರ್ ಬಿಟ್ಟು ಬೇರೆ ಏನೂ ತಗೋಬೇಡಿ. ಆಶ್ರಮಗಳಿಗೆ ತಿಂಗಳಿಗೆ ದೊಡ್ಡ ಖರ್ಚು ಅದೇ. 30,000ಕ್ಕೂ ಡೈಪರ್ ತಗೊಂಡು ಕೊಟ್ಟುಬಿಡಿ. ಸೈಜ್ ತಲೆನೋವು ಬೇಡ ಅಂದ್ರೆ ಎಲ್ಲಾ ಎಕ್ಸ್‌ಎಲ್ ತಗೊಳ್ಳಿ, ಸಣ್ಣ ಇರೋರಿಗೂ ಆಗುತ್ತೆ. ಉಳಿದದ್ದೆಲ್ಲ ನಮ್ಮ ಸಮಾಧಾನಕ್ಕೆ ಮಾಡೋದು.

ಶಾಂತಾ ಸಿಸ್ಟರ್

ಕಿರಣ್ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಡೈಪರ್ ಖರ್ಚು ನಿಜಕ್ಕೂ ಹೆಗಲ ಮೇಲಿನ ಭಾರ. ಹಾಸಿಗೆಯಲ್ಲೇ ಇರುವವರಿಗೆ ದಿನಕ್ಕೆ ಮೂರು ನಾಲ್ಕು ಬದಲಾಯಿಸಬೇಕಾಗುತ್ತದೆ. ಆದರೆ ಎಕ್ಸ್‌ಎಲ್ ಎಲ್ಲರಿಗೂ ಆಗುತ್ತೆ ಅನ್ನೋದು ತಪ್ಪು. ದೊಡ್ಡದಾದರೆ ತೊಡೆಯ ಹತ್ತಿರ ಸಂದಿ ಬಿಟ್ಟು ಸೋರುತ್ತದೆ. ರಾತ್ರಿ ಪೂರ್ತಿ ಒದ್ದೆಯಲ್ಲಿ ಮಲಗಿದರೆ ವಯಸ್ಸಾದವರ ಚರ್ಮ ಬೇಗ ಕಿತ್ತುಬರುತ್ತದೆ, ಅಲ್ಲಿಂದ ಬೆನ್ನಹುಣ್ಣು ಶುರು. ಸೊಂಟ, ಕುಂಡಿ ಎರಡನ್ನೂ ಅಳೆದು ಯಾವುದು ಹೆಚ್ಚೋ ಅದನ್ನು ಪ್ಯಾಕೆಟ್ ಮೇಲಿನ ಅಳತೆಗೆ ಹೋಲಿಸಬೇಕು. ಕಂಪನಿಯಿಂದ ಕಂಪನಿಗೆ ಎಂ, ಎಲ್ ಅಳತೆ ಬೇರೆಯಾಗುತ್ತದೆ. ಮಲಗಿದ್ದವರಿಗೆ ಪಕ್ಕದಲ್ಲಿ ಅಂಟಿಸುವ ಟೇಪ್ ಇರೋದು ಬೇಕು, ಓಡಾಡುವವರಿಗೆ ಚಡ್ಡಿ ಥರ ಏರಿಸಿಕೊಳ್ಳೋದು. ಹಾಸಿಗೆ ಹಿಡಿದವರಿಗೆ ಚಡ್ಡಿ ಥರದ್ದು ಹಾಕಬೇಕಾದರೆ ಆಯಾ ಅವರ ಎರಡೂ ಕಾಲು ಎತ್ತಬೇಕು. ಹಾಗಾಗಿ ತಂದುಕೊಟ್ಟದ್ದು ಬೀರುವಿನಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಡೈಪರನ್ನು ಹಾಲ್‌ನಲ್ಲಿ ಎಲ್ಲರ ಮುಂದೆ ಒಬ್ಬರ ಕೈಗೆ ಇಟ್ಟು ಫೋಟೋ ತೆಗೆಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಅಜ್ಜ ಒಂದು ಕಾಲಕ್ಕೆ ಊರಿನ ಪಂಚಾಯಿತಿ ನಡೆಸಿದವರು. ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸುಮಾ, ನೀವು ಕೊಡೋದನ್ನು ಮೊದಲೇ ಎರಡು ಭಾಗ ಮಾಡಿಕೊಳ್ಳಿ. ಸ್ಟೋರ್ ರೂಮಿಗೆ ಹೋಗೋದು ಒಂದು, ಅವರ ಕೈಗೆ ಹೋಗೋದು ಇನ್ನೊಂದು. ಡೈಪರ್, ಅಂಡರ್‌ಪ್ಯಾಡ್, ಕೈಗವಸು, ಫಿನಾಯಿಲ್, ಅಕ್ಕಿ, ಬೇಳೆ ಇವೆಲ್ಲ ಸ್ಟೋರ್‌ಗೆ. ಹಿಂದಿನ ದಿನವೇ ಆಟೋದಲ್ಲಿ ಕಳಿಸಿ, ಆಫೀಸಿನವರು ಬರೆದುಕೊಳ್ಳಲಿ. ನೀವು ಹೋದ ದಿನ ಆ ವಿಷಯದ ಸುದ್ದಿಯೇ ಬೇಡ. ಕೈಗೆ ಕೊಡೋದು ಅವರು ತಮ್ಮದು ಅಂತ ಇಟ್ಟುಕೊಳ್ಳುವಂಥದ್ದಾಗಿರಲಿ.

ಏನು ಕೊರತೆ ಇದೆ ಅಂತ ಮ್ಯಾನೇಜರನ್ನು ಕೇಳುವ ಜೊತೆಗೆ ರಾತ್ರಿ ಪಾಳಿಯ ಆಯಾ ಒಬ್ಬರನ್ನೂ ಕೇಳಿ. ಯಾರ ನೈಟಿ ಹರಿದಿದೆ, ಯಾರು ಕತ್ತಲಲ್ಲಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗ್ತಾರೆ ಅನ್ನೋದು ಅವರಿಗೆ ಗೊತ್ತಿರುತ್ತದೆ.

ಅನಿತಾ ಕೆ.

ನಮಸ್ತೆ, ನಮ್ಮ ತಂದೆಗೆ 78 ವರ್ಷ, ಹಾಸನದಲ್ಲಿ ಒಬ್ಬರೇ ಇದ್ದಾರೆ. ನಾನು ಹೊರದೇಶದಲ್ಲಿರೋದು. ಒಳ್ಳೆ ವೃದ್ಧಾಶ್ರಮ ಯಾವುದು, ತಿಂಗಳಿಗೆ ಎಷ್ಟು ಆಗುತ್ತೆ ಹೇಳ್ತೀರಾ?

ಗೋಪಾಲ, ಹಾಸನ

ಅನಿತಾ ಅವರೇ, ಇಲ್ಲಿ ವಿಷಯ ಬೇರೆ ನಡೀತಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ತಂದೆಯವರ ಕೈಯಲ್ಲೋ ಊರಲ್ಲಿರುವ ನೆಂಟರ ಕೈಯಲ್ಲೋ ಫೋನ್ ಮಾಡಿಸಿ, ಹತ್ತಿರದ ಆಶ್ರಮಗಳ ಮಾಹಿತಿ ಕೊಡ್ತಾರೆ. ನೀವೇ ಬಂದು ಒಮ್ಮೆ ನೋಡದೆ ಸೇರಿಸಬೇಡಿ.

ಸುಮಾ ಅವರೇ, ನಾನು ಒಂದು ಆಶ್ರಮದ ಆಫೀಸ್ ನೋಡಿಕೊಳ್ಳುವವನು. "ನಿಮಗೆ ಅನುಕೂಲವಾದದ್ದು ತನ್ನಿ" ಅಂತ ನಾವು ಯಾಕೆ ಹೇಳ್ತೀವಿ ಅಂದ್ರೆ, ಪಟ್ಟಿ ಕೊಟ್ಟರೆ ಕೆಲವರು ಬರೋದನ್ನೇ ಬಿಟ್ಟುಬಿಡ್ತಾರೆ. ನೀವು ಮತ್ತೆ ಫೋನ್ ಮಾಡಿ, "ಈ ಮೂರು ತಿಂಗಳಲ್ಲಿ ಯಾವುದು ಜಾಸ್ತಿ ಬಂದಿದೆ ಹೇಳಿ, ಅದನ್ನು ಬಿಟ್ಟು ತರ್ತೀವಿ" ಅಂತ ಕೇಳಿ. ಆಗ ಬಾಯಿ ಬಿಡ್ತಾರೆ.

ರಗ್ಗಿನ ಕಷ್ಟ ಇದು. ಅದನ್ನು ಒಗೆಯೋಕಾಗಲ್ಲ. ಮಳೆಗಾಲದಲ್ಲಿ ಒಗೆದರೆ ಮೂರು ದಿನವಾದರೂ ಒಣಗಲ್ಲ, ವಾಸನೆ ಹಿಡಿಯುತ್ತೆ. ಅದಕ್ಕೇ ಬಳಕೆಗೆ ತೆಗೆಯಲ್ಲ. ತೆಳು ಹತ್ತಿ ಹೊದಿಕೆ ಆದರೆ ವಾರ ವಾರ ಒಗೆಯಬಹುದು. ಬಾಳೆಹಣ್ಣೂ ಅಷ್ಟೇ. ಹಬ್ಬದ ವಾರ, ಅಕ್ಟೋಬರ್ 1ರ ಹಿರಿಯರ ದಿನ, ಒಂದೇ ದಿನ ಮೂರು ಗುಂಪು ಬಂದರೆ ಮೂರು ಕಡೆಯಿಂದ ಗೊನೆಗಟ್ಟಲೆ ಬಾಳೆಹಣ್ಣು ಸೇರುತ್ತೆ. ಮಾರನೇ ದಿನ ಅರ್ಧ ದನಕ್ಕೆ ಹೋಗುತ್ತೆ.

ಪ್ರತಿಮಾ, ಉಡುಪಿ

ನಮ್ಮ ಮಹಿಳಾ ಮಂಡಲದವರು ಮಾಡಿದ ಒಂದು ಕ್ರಮ ಹೇಳ್ತೇನೆ, ನಿಮಗೆ ಸರಿ ಕಂಡರೆ ಮಾಡಿ. ನಾವು ಯಾರಿಗೂ ಏನನ್ನೂ ಹಂಚುವುದಿಲ್ಲ. ಹಾಲ್‌ನಲ್ಲಿ ಮೇಜು ಜೋಡಿಸಿ ಅಂಗಡಿಯ ಹಾಗೆ ಸಾಮಾನು ಇಡ್ತೇವೆ. ಒಬ್ಬೊಬ್ಬರಿಗೆ ಒಂದು ದೊಡ್ಡ ಸಾಮಾನು, ಎರಡು ಸಣ್ಣ ಸಾಮಾನು. ಅವರೇ ಬಂದು, ಮುಟ್ಟಿ ನೋಡಿ, ಬಣ್ಣ ನೋಡಿ ಆರಿಸಿಕೊಳ್ಳೋದು.

ದೊಡ್ಡದು ಅಂದರೆ ಮುಂದೆ ಬಟನ್ ಇರುವ ನೈಟಿ, ಪಂಚೆ ಮತ್ತು ಶರ್ಟು, ಹಿಮ್ಮಡಿ ಪಟ್ಟಿ ಇರುವ ಚಪ್ಪಲಿ, ಮುಂದೆ ತೆರೆಯುವ ಸ್ವೆಟರ್, ಸಣ್ಣ ರೇಡಿಯೋ, ಇಂಥದ್ದು. ಎಲ್ಲ 350ರಿಂದ 500ರ ಒಳಗೆ ಬರುವ ಹಾಗೆ ನೋಡಿಕೊಂಡೆವು. ಇಲ್ಲದಿದ್ದರೆ ಒಬ್ಬರದ್ದು ಹೆಚ್ಚು, ಒಬ್ಬರದ್ದು ಕಡಿಮೆ ಅಂತ ಮನಸ್ಸಿಗೆ ಬರ್ತದೆ. ಸಣ್ಣದು ಅಂದರೆ ಟಾರ್ಚು, ಬೀಗ ಮತ್ತು ಕೀಲಿ, ನೈಲ್ ಕಟ್ಟರ್, ಕನ್ನಡಿ, ಬಾಚಣಿಗೆ, ಕೊಬ್ಬರಿ ಎಣ್ಣೆ, ನೋವಿನ ಮುಲಾಮು, ತೆಳು ಬೈರಾಸು, ನೋಟ್ ಪುಸ್ತಕ, ಪೆನ್ನು.

ನಮಗೆ ಬಂದ ಪ್ರಶ್ನೆ ಅಂದರೆ, ಯಾರು ಏನು ಆರಿಸ್ತಾರೆ ಅಂತ ಗೊತ್ತಿಲ್ಲದೆ ಎಷ್ಟು ತರುವುದು? ಅದಕ್ಕೆ ಗುರುತಿನ ಜವಳಿ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಂಡೆವು. 30 ಜನಕ್ಕೆ 45 ದೊಡ್ಡ ಸಾಮಾನು ತಗೊಂಡು ಹೋಗೋದು, ಉಳಿದದ್ದನ್ನು ಮಾರನೇ ದಿನ ಹಾಗೇ ವಾಪಸು ಕೊಡೋದು. ಅವರು ಸಂತೋಷದಿಂದ ಒಪ್ಪಿದರು. ಚಪ್ಪಲಿ ಅಂಗಡಿಯವರು ಮಾತ್ರ ಮಡಿಕೆ ಬೀಳಬಾರದು ಅಂತ ಹೇಳಿ ಕೊಟ್ಟರು.

ಎಲ್ಲಕ್ಕಿಂತ ಬೇಗ ಖಾಲಿಯಾದದ್ದು ಯಾವುದು ಗೊತ್ತುಂಟಾ? ಬೀಗ. ನಾವು ಹತ್ತು ತಂದದ್ದು ಎಲ್ಲಿಗೂ ಸಾಕಾಗಲಿಲ್ಲ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ನಾನು ವೃದ್ಧಾಶ್ರಮವೊಂದರಲ್ಲಿಯೇ ಇರುವವನು. ಆದ್ದರಿಂದ ಪಡೆದುಕೊಳ್ಳುವ ಕಡೆಯಿಂದ ನಾಲ್ಕು ಮಾತು ಬರೆಯುತ್ತೇನೆ.

ಬೀಗ ಏಕೆ ಬೇಗ ಖಾಲಿಯಾಯಿತೆಂದರೆ, ನಮಗೆ ಇಲ್ಲಿ ಸ್ವಂತದ್ದೆಂದು ಇರುವುದು ಒಂದು ಮಂಚ, ಒಂದು ಸಣ್ಣ ಬೀರು ಅಥವಾ ಟ್ರಂಕು. ಬಹಳ ಜನರ ಟ್ರಂಕಿಗೆ ಬೀಗವಿಲ್ಲ. ಒಳಗೆ ಇರುವುದು ಹೆಂಡತಿಯ ಫೋಟೋ, ಪಿಂಚಣಿಯ ಪಾಸ್‌ಬುಕ್ಕು, ಮಗನ ಹಳೆಯ ಕಾಗದ. ಕದಿಯಲು ಯಾರೂ ಬರುವುದಿಲ್ಲ, ಆದರೆ ಕೆದಕಲು ಬರುತ್ತಾರೆ. ಬೀಗದ ಕೀಲಿಯನ್ನು ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಂಡ ಮೇಲೆ ಆ ಚಿಂತೆ ಇಲ್ಲ. ಬೀಗ ಕೊಡುವಾಗ ಎರಡು ಕೀಲಿ ಇರುವುದನ್ನು ನೋಡಿ ಕೊಡಿ. ಒಂದು ಆಫೀಸಿನಲ್ಲಿರಲಿ.

ಎರಡನೆಯದು, ನಾನು ಓದುವ ಹವ್ಯಾಸದವನು. ಬಂದವರು ಪುಸ್ತಕ ಕೊಡುತ್ತಾರೆ, ಅಕ್ಷರ ಸಣ್ಣದು. ಹಿಡಿಯುಳ್ಳ ಒಂದು ಭೂತಗನ್ನಡಿ ಕೊಟ್ಟರೆ ಆಶ್ರಮದ ಎಲ್ಲ ಪುಸ್ತಕವೂ ಓದಲು ಬರುತ್ತದೆ. ಪತ್ರಿಕೆಯ ವಾರ್ಷಿಕ ಚಂದಾ ಕಟ್ಟಿದರೂ ಚೆನ್ನ. ಹಗಲು ಹನ್ನೊಂದರೊಳಗೆ ಹತ್ತು ಕೈ ದಾಟಿ ಹೋಗುತ್ತದೆ.

ಪಕ್ಕದ ಮಂಚದ ನನ್ನ ಸ್ನೇಹಿತರಿಗೆ ಕಿವಿಯ ಯಂತ್ರವಿದೆ. ಬ್ಯಾಟರಿ ಮುಗಿದು ತಿಂಗಳುಗಟ್ಟಲೆ ಡಬ್ಬಿಯಲ್ಲೇ ಬಿದ್ದಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದರ ಬ್ಯಾಟರಿಗೆ ಅಳತೆಗೊಂದು ಬಣ್ಣದ ಚೀಟಿ ಇರುತ್ತದೆ, 13ಕ್ಕೆ ಕಿತ್ತಳೆ, 312ಕ್ಕೆ ಕಂದು. ಖಾಲಿ ಪೊಟ್ಟಣದ ಫೋಟೋ ತೆಗೆದುಕೊಂಡು ಹೋಗಿ ಅದನ್ನೇ ತರಬೇಕು. ಆ ಚೀಟಿಯನ್ನು ಹಾಕಿಕೊಳ್ಳುವಾಗಲೇ ಕೀಳಬೇಕು. ಕಿತ್ತ ಕ್ಷಣದಿಂದ ಬ್ಯಾಟರಿ ಖರ್ಚಾಗಲು ಶುರುವಾಗುತ್ತದೆ.

ಕೊನೆಯದು, ಒಂದು ಮನವಿ. ಹೆಸರು ಕೂಗಿ ವೇದಿಕೆಗೆ ಕರೆಯಬೇಡಿ. ತಟ್ಟೆ ಲೋಟದ ಮೇಲೆ ನಿಮ್ಮ ಸಂಘದ ಹೆಸರು ಕೊರೆಸಬೇಡಿ. ಪ್ರತಿ ಊಟದಲ್ಲೂ ಅದನ್ನು ಓದಿಕೊಂಡು ಉಣ್ಣಬೇಕಾಗುತ್ತದೆ.

ಬಸವರಾಜ, ಗದಗ

ಮೇಷ್ಟ್ರ ಮಾತು ಖರೆ ಅದ ನೋಡ್ರಿ. ನಮ್ಮ ದೊಡ್ಡವ್ವ ಎರಡು ವರ್ಷ ಇಂಥಾದ್ದೊಂದು ಆಶ್ರಮದಾಗ ಇದ್ಲು. ಬಂದವರು ಸೀರಿ ಕೊಟ್ಟು ಹೋಗ್ತಿದ್ರು, ಸಿಂಥೆಟಿಕ್ ಸೀರಿ. ಆಕಿ ಜೀವನಪೂರ್ತಿ ಇಳಕಲ್ ಸೀರಿ ಉಟ್ಟಾಕಿ, ಅದು ಮೈಮ್ಯಾಲೆ ನಿಲ್ಲೂದಿಲ್ಲ ಜಾರತದ ಅಂತ ಆಯಾಗ ಕೊಟ್ಟಬಿಡ್ತಿದ್ಲು. ಕುಬ್ಬಸದ ಖಣ ಕೊಡ್ತಾರ, ಹೊಲಸಾಕ ರೊಕ್ಕ ಯಾರು ಕೊಡ್ತಾರ್ರೀ?

ಆಕಿಗೆ ಬೇಕಾಗಿದ್ದು ಫೋನಿಗೆ ರಿಚಾರ್ಜ್. ಮಗನಿಗೆ ಹೇಳಾಕ ಸಂಕೋಚ. ಕಾಲೇಜಿನ ಹುಡುಗೂರು ಒಂದಿನ ಬಂದು ಎಲ್ಲಾರ ಫೋನು ನೋಡಿ, ರಿಚಾರ್ಜ್ ಮಾಡಿ, ನಂಬರ್ ಒತ್ತಿದ್ರ ಯಾರಿಗೆ ಹೋಗತದ ಅಂತ ದೊಡ್ಡ ಅಕ್ಷರದಾಗ ಒಂದು ರಟ್ಟಿನ ಮ್ಯಾಲೆ ಬರದು ಮಂಚಕ್ಕ ಕಟ್ಟಿ ಹೋದ್ರು. 2 ಒತ್ತಿ ಹಿಡದ್ರ ಮಗ, 3 ಒತ್ತಿ ಹಿಡದ್ರ ತಂಗಿ. ಆವತ್ತು ರಾತ್ರಿ ನನಗ ಫೋನ್ ಬಂತು. ಅದಕ್ಕಿಂತ ದೊಡ್ಡ ಉಡುಗೊರೆ ಆಕಿಗೆ ಯಾರೂ ಕೊಟ್ಟಿದ್ದಿಲ್ಲ.

ಕಿರಣ್, ಬೆಂಗಳೂರು

ಸಿಸ್ಟರ್ ಹೇಳಿದ ಸೈಜ್ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿಕೊಂಡೆ. ಆದರೆ ಒಂದು ಪ್ರಶ್ನೆ. ಇಷ್ಟೆಲ್ಲ ಮೇಜು, ಅಂಗಡಿ ಯಾಕೆ? ತಲೆಗೆ 500 ರೂಪಾಯಿ ಕವರಲ್ಲಿ ಹಾಕಿ ಕೊಟ್ಟರೆ ಅವರೇ ಬೇಕಾದ್ದು ತಗೊಳ್ಳಲ್ವಾ? ಮರ್ಯಾದೆ ಅಂದ್ರೆ ಅದೇ ಅಲ್ವಾ?

ಗೋಪಾಲ, ಹಾಸನ

ದುಡ್ಡು ಕೈಗೆ ಕೊಟ್ಟರೆ ನಮ್ಮಂಥವರಿಗೆ ಕಷ್ಟ. ಯಾರೋ ಎಲ್ಲೋ ಇಟ್ಟು ಮರೆತು "ಪಕ್ಕದವಳು ತಗೊಂಡಳು" ಅಂತಾರೆ, ಅಳು ಜಗಳ ವಾರಗಟ್ಟಲೆ ನಡೆಯುತ್ತೆ. ಮಕ್ಕಳು ಬಂದು ಇಸಕೊಂಡು ಹೋಗಿರೋದೂ ಉಂಟು. ಅಂಗಡಿ ಇರೋದು ಎರಡು ಕಿಲೋಮೀಟರ್ ದೂರ. ನಡೆಯೋಕಾಗದವರು ದುಡ್ಡು ಇಟ್ಟುಕೊಂಡು ಏನು ಮಾಡ್ತಾರೆ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಗೋಪಾಲ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಕಿರಣ್ ಪರ. ಜೇಬಿನಲ್ಲಿ ನೂರು ರೂಪಾಯಿ ಇರುವವನು ನಡೆಯುವ ರೀತಿಯೇ ಬೇರೆ. ಮೊಮ್ಮಗ ಬಂದಾಗ ಒಂದು ಬಿಸ್ಕತ್ತಿನ ಪೊಟ್ಟಣವನ್ನಾದರೂ ಕೊಡಬಹುದು. ಬುದ್ಧಿ ಸ್ಥಿಮಿತದಲ್ಲಿ ಇರುವವರಿಗೂ ಇಲ್ಲದವರಿಗೂ ಒಂದೇ ನಿಯಮ ಮಾಡುವುದು ಸರಿ ಎನ್ನಿಸುವುದಿಲ್ಲ.

ಮಂಜುಳಾ, ತುಮಕೂರು

ಸುಮಾ ಅಕ್ಕ, ಯಾರೂ ಹೇಳದ ಒಂದು ವಿಷಯ ಹೇಳ್ತೀನಿ, ಬೇಜಾರಾಗಬೇಡಿ. ಭಜನಾ ಮಂಡಳಿ ಅಂದ ಮೇಲೆ ಕೊನೆಯಲ್ಲಿ ಅರಿಶಿನ ಕುಂಕುಮ, ಹೂವು, ತಾಂಬೂಲ ಕೊಡೋ ಪದ್ಧತಿ ಇರುತ್ತೆ. ನಾನು ನೋಡಿದ ಒಂದು ಕಡೆ ಗುಂಪಿನವರು ತಟ್ಟೆ ಹಿಡ್ಕೊಂಡು ಸಾಲಾಗಿ ಬಂದ್ರು. ಗಂಡ ಇರೋರಿಗೆ ಕುಂಕುಮ ಹಚ್ಚಿ ಹೂ ಕೊಟ್ಟು, ಪಕ್ಕದಲ್ಲಿ ಕೂತ ಅಜ್ಜಿಯನ್ನ ದಾಟಿ ಮುಂದಿನವರ ಹತ್ತಿರ ಹೋದ್ರು. ಆ ಅಜ್ಜಿ ಕೈ ಚಾಚಿದ್ರು, ಆಮೇಲೆ ಸೆರಗೊಳಗೆ ಇಟ್ಕೊಂಡ್ರು. 21 ಹೆಂಗಸರಲ್ಲಿ ಹೆಚ್ಚಿನವರು ಗಂಡನ್ನ ಕಳ್ಕೊಂಡೋರೇ ಇರ್ತಾರೆ ಅಲ್ವಾ?

ಕೊಡೋದಾದ್ರೆ ಎಲ್ಲರಿಗೂ ಕೊಡಿ, ಇಲ್ಲಾಂದ್ರೆ ಕುಂಕುಮದ ಬಟ್ಟಲು, ಹೂವಿನ ಬುಟ್ಟಿ ಎರಡನ್ನೂ ಆ ಮೇಜಿನ ಮೇಲೆ ಇಟ್ಟುಬಿಡಿ. ಹಚ್ಕೊಳ್ಳೋರು ಹಚ್ಕೋತಾರೆ, ಮುಡಿಯೋರು ಮುಡೀತಾರೆ. ಹಚ್ಕೋಬೇಡ ಅನ್ನೋ ಹಾಗೂ ಇಲ್ಲ, ಹಚ್ಕೋ ಅಂತ ಬಲವಂತ ಮಾಡೋ ಹಾಗೂ ಇಲ್ಲ. ಕೆಲವು ಅಜ್ಜಿಯರು ಹಳೇ ಕಾಲದವರು, ಬಲವಂತ ಮಾಡಿದ್ರೂ ನೊಂದುಕೊಳ್ತಾರೆ.

ಸುಮಾ, ಮೈಸೂರು

ಮಂಜುಳಾ, ಬೇಜಾರು ಯಾಕೆ, ಇದನ್ನ ಹೇಳಿದ್ದಕ್ಕೆ ನಿಮಗೆ ಕೈ ಮುಗಿಯಬೇಕು. ಇವತ್ತೇ ಮಂಡಳಿಯಲ್ಲಿ ಮಾತಾಡಿದೆ. ಇಬ್ಬರು ಹಿರಿಯರು "ಪದ್ಧತಿ ಬಿಡೋಕಾಗಲ್ಲ" ಅಂತಾನೇ ಇದ್ದಾರೆ. ಹೂವು ಎಲ್ಲರಿಗೂ ಅನ್ನೋದಕ್ಕೆ ಒಪ್ಪಿದ್ದಾರೆ, ಕುಂಕುಮದ ವಿಷಯ ಇನ್ನೂ ತೀರ್ಮಾನ ಆಗಿಲ್ಲ.

ಪ್ರತಿಮಾ ಹೇಳಿದ ಮೇಜಿನ ಕ್ರಮ ನಮಗೆ ಹಿಡಿಸಿತು. ಲೆಕ್ಕ ಹಾಕಿದೆ. ಓಡಾಡುವ 28 ಜನಕ್ಕೆ ದೊಡ್ಡ ಸಾಮಾನು ಸರಾಸರಿ 400 ಅಂದ್ರೆ 11,200. ಎರಡು ಸಣ್ಣ ಸಾಮಾನಿಗೆ ಒಟ್ಟು 200 ಅಂದ್ರೆ 5,600. ಹಾಸಿಗೆಯಲ್ಲಿರೋ ಆರು ಜನಕ್ಕೆ ತಲಾ 800 ಇಟ್ಟರೆ 4,800. ಅಲ್ಲಿಗೆ 21,600. ಮಿಕ್ಕ 8,400ರಲ್ಲಿ 5,000ಕ್ಕೆ ಸ್ಟೋರ್ ಸಾಮಾನು. ಉಳಿದ 3,400 ಅವತ್ತಿನ ಊಟಕ್ಕೂ ಆಟೋಗೂ. ಸ್ವೀಟ್ ಬಾಕ್ಸ್ ಕೈ ಬಿಟ್ಟಿದ್ದೀವಿ, 34ರಲ್ಲಿ 19 ಜನಕ್ಕೆ ಸಕ್ಕರೆ ಕಾಯಿಲೆ ಅಂತ ಆಯಾ ಹೇಳಿದ್ರು.

ನನ್ನ ಪ್ರಶ್ನೆ: ಹಾಸಿಗೆಯಲ್ಲಿರೋ ಆರು ಜನ ಮೇಜಿನ ಹತ್ರ ಬರೋಕಾಗಲ್ವಲ್ಲ, ಅವರಿಗೆ ಏನು ಮಾಡೋದು? ಮತ್ತೆ ಕೋಲು ಹಿಡಿದು ನಡೆಯೋರು ಒಂಬತ್ತು ಜನ ಇದ್ದಾರೆ. ಹೊಸ ಕೋಲೇ ತಂದುಕೊಡಬೇಕಾ?

ಶಾಂತಾ ಸಿಸ್ಟರ್

ಮೊದಲು ಕೋಲಿನ ವಿಷಯ. ಹೊಸ ಕೋಲು ತರಬೇಡಿ. ಕೈಗೆ ಪಳಗಿದ ಕೋಲನ್ನು ಅವರು ಬಿಡುವುದಿಲ್ಲ. ಕೋಲಿನ ತುದಿಯ ರಬ್ಬರ್ ಬುಶ್ ನೋಡಿ. ತಿರುಗಿಸಿ ಹಿಡಿದರೆ ಅಡಿಯಲ್ಲಿ ಬಳೆ ಬಳೆಯಾಗಿ ಗೆರೆ ಕಾಣಬೇಕು. ಗೆರೆ ಸವೆದು ನುಣ್ಣಗಾಗಿದ್ದರೆ, ಒಂದೇ ಪಕ್ಕಕ್ಕೆ ತೇಯ್ದಿದ್ದರೆ, ನಡುವೆ ಕಬ್ಬಿಣ ಇಣುಕುತ್ತಿದ್ದರೆ ಅದು ಒದ್ದೆ ನೆಲದಲ್ಲಿ ಜಾರಿಯೇ ಜಾರುತ್ತದೆ. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರ ಕೋಲು ಎತ್ತಿ ನೋಡಿದಾಗ ರಬ್ಬರೇ ಇಲ್ಲದ್ದನ್ನು ನೋಡಿದ್ದೇನೆ. ಒಂದು ಬುಶ್‌ಗೆ 30, 40 ರೂಪಾಯಿ, ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕೋಲಿನ ದಪ್ಪ ಬೇರೆ ಬೇರೆ ಇರುವುದರಿಂದ ಹಳೆಯದನ್ನೇ ತೆಗೆದುಕೊಂಡು ಹೋಗಿ ಅಳತೆ ನೋಡಿ. ಬುಶ್ ಸಡಿಲವಾಗಿದ್ದರೆ ಅದು ಬುಶ್ಶೇ ಇಲ್ಲದಿರುವುದಕ್ಕಿಂತ ಅಪಾಯ.

ಹಾಗೇ ಎತ್ತರವನ್ನೂ ನೋಡಿ. ಚಪ್ಪಲಿ ಹಾಕಿ ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಬಹಳ ಕೋಲಿಗೆ ಎತ್ತರ ಬದಲಿಸುವ ಗುಂಡಿ ಇರುತ್ತದೆ, ಕೊಂಡ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಆಶ್ರಮದ ಸಿಸ್ಟರ್ ಇದ್ದಾಗ ಅವರ ಮುಂದೆ ಅದನ್ನು ಸರಿಮಾಡಿ.

ಇನ್ನು ಹಾಸಿಗೆಯಲ್ಲಿರುವವರು. ಅವರಿಗೂ ಆರಿಸುವ ಅವಕಾಶ ಬೇಕು. ಒಂದು ಬುಟ್ಟಿಯಲ್ಲಿ ಮೂರು ಬಣ್ಣದ ನೈಟಿ ಇಟ್ಟುಕೊಂಡು ನೀವು ಒಬ್ಬರು, ಆಯಾ ಒಬ್ಬರು ಮಂಚದ ಹತ್ತಿರ ಹೋಗಿ. ಗುಂಪಾಗಿ ನುಗ್ಗಬೇಡಿ. ಕೂತು, ಬಟ್ಟೆಯನ್ನು ಅವರ ಕೈಗೆ ತಾಗಿಸಿ. ಮಾತು ಬರದವರು ಕಣ್ಣಲ್ಲಿ, ಬೆರಳಲ್ಲಿ ಹೇಳುತ್ತಾರೆ. ಮರೆವಿನ ಕಾಯಿಲೆ ಇದ್ದವರಿಗೆ ಎರಡೇ ತೋರಿಸಿ, ಹತ್ತು ತೋರಿಸಿದರೆ ಗಾಬರಿಯಾಗುತ್ತಾರೆ.

ಅವರ ನೈಟಿ ಕತ್ತಿನಿಂದ ಕೆಳಗಿನವರೆಗೂ ಮುಂದೆ ಪೂರ್ತಿ ತೆರೆಯಬೇಕು. ಲಕ್ವ ಹೊಡೆದವರಿಗೆ ಬಟ್ಟೆ ಹಾಕುವಾಗ ಮೊದಲು ಬಿದ್ದುಹೋದ ಕೈಗೆ ತೋಳು ಏರಿಸಿ ಆಮೇಲೆ ಸರಿಯಿರುವ ಕೈ. ತಲೆ ಮೇಲಿಂದ ಎಳೆಯುವ ನೈಟಿ ಆದರೆ ಆ ಭುಜ ನೋಯುತ್ತದೆ. ಗಂಡಸರಿಗೂ ಬನಿಯನ್ನಿಗಿಂತ ಮುಂದೆ ಗುಂಡಿ ಇರುವ ತೆಳು ಹತ್ತಿ ಅಂಗಿ ಒಳ್ಳೆಯದು. ಗುಂಡಿ ದೊಡ್ಡದಿರಲಿ, ಸೊಟ್ಟ ಬೆರಳಿಗೆ ಸಣ್ಣ ಹುಕ್ಕು ಸಿಗುವುದಿಲ್ಲ.

ಗೋಪಾಲ, ಹಾಸನ

ಬಟ್ಟೆ ವಿಷಯದಲ್ಲಿ ಒಂದು ಸೇರಿಸ್ತೀನಿ. ಎಲ್ಲರ ಬಟ್ಟೆ ಒಟ್ಟಿಗೆ ಮೆಷಿನ್‌ಗೆ ಹೋಗುತ್ತೆ. ಗುರುತು ಇಲ್ಲದಿದ್ದರೆ ಅವರು ಆರಿಸಿದ ನೀಲಿ ನೈಟಿ ಮುಂದಿನ ವಾರ ಇನ್ನೊಬ್ಬರ ಮೈಮೇಲೆ ಇರುತ್ತೆ. ನಮ್ಮಲ್ಲಿ ಮಾರ್ಕರ್‌ನಿಂದ ಕತ್ತಿನ ಹಿಂದೆ ನಂಬರ್ ಬರೀತಿದ್ವಿ, ಅದು ಹೊರಗೆ ಕಾಣುತ್ತೆ, ಚೆನ್ನಾಗಿರಲ್ಲ. ಈಗ ಒಳಗಿನ ಹೆಮ್ಮಿಂಗ್‌ನಲ್ಲಿ ಒಬ್ಬೊಬ್ಬರಿಗೆ ಒಂದು ಬಣ್ಣದ ದಾರ, ಎರಡು ಹೊಲಿಗೆ, ಮೂರು ಹೊಲಿಗೆ ಅಂತ ಹಾಕ್ತೀವಿ. ನಿಮ್ಮ ಮಂಡಳಿಯಲ್ಲಿ ಸೂಜಿ ಹಿಡಿಯೋರು ಇದ್ದಾರಲ್ಲ, ಆರಿಸಿಕೊಂಡ ಮೇಲೆ ಅಲ್ಲೇ ಕೂತು ಹಾಕಿಕೊಡಿ. ಆ ಹೊತ್ತಲ್ಲಿ ಮಾತೂ ಆಗುತ್ತೆ.

ಮಂಜುಳಾ, ತುಮಕೂರು

ಗೋಪಾಲ ಅವರೇ, ಕೇಳಲೇಬೇಕಾದ ಒಂದು ಪ್ರಶ್ನೆ. ಗುಂಪು ಗೇಟು ದಾಟಿದ ಮೇಲೆ ಕೊಟ್ಟದ್ದನ್ನೆಲ್ಲ ವಾಪಸ್ ತಗೊಂಡು ಸ್ಟೋರ್‌ನಲ್ಲಿ ಬೀಗ ಹಾಕೋ ಆಶ್ರಮಗಳೂ ಇವೆ. ಅದನ್ನ ನೋಡಿದೋಳು ನಾನು. ಅಂಥ ಕಡೆ ಈ ಆರಿಸಿಕೊಳ್ಳೋದಕ್ಕೆ ಏನು ಅರ್ಥ?

ಗೋಪಾಲ, ಹಾಸನ

ಇದೆ, ಇಲ್ಲ ಅನ್ನಲ್ಲ. ಕೆಲವು ಕಡೆ ಕೆಟ್ಟ ಉದ್ದೇಶ. ಕೆಲವು ಕಡೆ ಕಾರಣ ಬೇರೆ. ಒಬ್ಬರು ತಿನ್ನೋದನ್ನ ದಿಂಬಿನ ಕೆಳಗೆ ಇಟ್ಟು ಇರುವೆ ಬರುತ್ತೆ, ಇನ್ನೊಬ್ಬರು ಮುಲಾಮನ್ನ ಬಾಯಿಗೆ ಹಾಕ್ಕೊಳ್ತಾರೆ. ಅಂಥವರದ್ದು ನಾವೂ ಎತ್ತಿಡ್ತೀವಿ. ಆದರೆ ಟಾರ್ಚು, ಚಪ್ಪಲಿ, ರೇಡಿಯೋ ಎತ್ತಿಡೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಎತ್ತಿಡುವ ಮೊದಲು ನಮ್ಮನ್ನು ಒಂದು ಮಾತು ಕೇಳಬೇಕು. ನನ್ನ ಆಕ್ಷೇಪ ಅಷ್ಟೇ.

ಪ್ರತಿಮಾ, ಉಡುಪಿ

ನಾವು ತಿಂಗಳು ಬಿಟ್ಟು ಇಬ್ಬರು ಹೋಗಿ ಸುಮ್ಮನೆ ನೋಡಿ ಬರ್ತೇವೆ. ಕಾಲಲ್ಲಿ ಚಪ್ಪಲಿ ಉಂಟಾ, ಟಾರ್ಚ್ ದಿಂಬಿನ ಹತ್ತಿರ ಉಂಟಾ ಅಂತ. ಹೊಸ ಸೆಲ್ ತಗೊಂಡು ಹೋದರೆ ಹೋಗಲಿಕ್ಕೆ ಒಂದು ಕಾರಣವೂ ಆಯ್ತು. ಇಲ್ಲದ ಕಡೆಗೆ ಮರುವರ್ಷ ಹೋಗ್ಲಿಲ್ಲ. ಅದು ಸರಿಯಾ ಅಂತ ನಮ್ಮಲ್ಲೇ ಎರಡು ಅಭಿಪ್ರಾಯ ಉಂಟು. ನಾವು ಬಿಟ್ಟರೆ ಒಳಗಿದ್ದವರಿಗೆ ಯಾರು?

ಸುಮಾ, ಇನ್ನೆರಡು ಸಂಗತಿ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ, ತಿಂಡಿ ಮಾತ್ರೆ ಎಲ್ಲ ಮುಗಿದಿರ್ತದೆ. ಊಟದ ಮೇಲೆ ಅವರು ಮಲಗಬೇಕು. ಒಟ್ಟಿಗೆ ಐದಾರು ಜನ ಮಾತ್ರ ಮೇಜಿನ ಹತ್ತಿರ ಬರಲಿ, ಗಾಲಿಕುರ್ಚಿಯವರು ಮೊದಲು. ಸಾಮಾನು ನೆಲದ ಮೇಲೆ ಹರಡಬೇಡಿ, ಬಗ್ಗಲಿಕ್ಕೆ ಆಗುವುದಿಲ್ಲ. ರೇಡಿಯೋ ಕೊಡುವುದಾದರೆ ಆಶ್ರಮದೊಳಗೆ ಒಮ್ಮೆ ಹಚ್ಚಿ ನೋಡಿ, ಗೋಡೆ ದಪ್ಪ ಇದ್ದಲ್ಲಿ ಗರಗರ ಅಂತದೆ. ನಿಮ್ಮಲ್ಲಿ ಆಕಾಶವಾಣಿ ಎಫ್‌ಎಂ 100.6 ಅಲ್ಲವಾ, ಮುಳ್ಳು ಅಲ್ಲಿಗೆ ಬಂದಾಗ ಗಾಜಿನ ಮೇಲೆ ಒಂದು ಬಣ್ಣದ ಚುಕ್ಕೆ ಅಂಟಿಸಿಕೊಡಿ.

ಬಸವರಾಜ, ಗದಗ

ಊಟ ಏನು ಮಾಡಾವ್ರಿ ಅಕ್ಕಾರ? ಅವರನ್ನ ಕೇಳ್ರಿ. ಎಲ್ಲಾರೂ ಪುಳಿಯೋಗರಿ, ಪಾಯಸ ತರ್ತಾರ. ನಮ್ಮ ದೊಡ್ಡವ್ವ ಒಂದು ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿಗೆ ಹಂಬಲಸ್ತಿದ್ಲು.

ಸುಮಾ, ಮೈಸೂರು

ಕೇಳಿದೆ ಬಸವರಾಜ ಅವರೇ. ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು ಬೇಕಂತೆ. ಹಲ್ಲಿಲ್ಲದವರಿಗೂ ನುಂಗೋಕೆ ಸುಲಭ ಅಂತ ಒಬ್ಬರು ಅಜ್ಜ ಹೇಳಿದರು. ಅಲ್ಲಿನ ಅಡುಗೆಮನೆಯಲ್ಲೇ ಮಾಡ್ತೀವಿ. ಇಬ್ಬರು ಅಜ್ಜಿಯರು ಸೊಪ್ಪು ಬಿಡಿಸಿಕೊಡ್ತೀವಿ, ಒಗ್ಗರಣೆ ನಾವೇ ಹಾಕೋದು ಅಂತ ಮೊದಲೇ ಹೇಳಿಬಿಟ್ಟಿದ್ದಾರೆ.

ಚಪ್ಪಲಿ ಅಳತೆಗೆ ನಾಳೆ ನಾವಿಬ್ಬರು ಹೋಗ್ತಾ ಇದ್ದೀವಿ. ಕಾಗದದ ಮೇಲೆ ಪಾದ ಇಟ್ಟು ಗೆರೆ ಎಳೆದುಕೊಂಡರೆ ಸಾಕಾ?

ಶಾಂತಾ ಸಿಸ್ಟರ್

ಸಾಕು. ಆದರೆ ಬೆಳಿಗ್ಗೆ ಹೋಗಬೇಡಿ, ಸಂಜೆ ಹೋಗಿ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತು ಸಂಜೆಗೆ ಪಾದ ಊದಿರುತ್ತದೆ, ಆ ಅಳತೆಗೆ ತಂದರೇ ದಿನವಿಡೀ ಹಾಕಿಕೊಳ್ಳಬಹುದು. ನಿಲ್ಲಬಲ್ಲವರನ್ನು ಕುರ್ಚಿ ಹಿಡಿಸಿ ನಿಲ್ಲಿಸಿಯೇ ಗೆರೆ ಎಳೆಯಿರಿ, ಕೂತಾಗ ಪಾದ ಸಣ್ಣದಾಗಿ ಬರುತ್ತದೆ. ಎರಡೂ ಪಾದದ್ದು ತೆಗೆದುಕೊಳ್ಳಿ, ಲಕ್ವ ಆದವರಿಗೆ ಒಂದು ಕಡೆ ಹೆಚ್ಚು ಊತ. ಪಟ್ಟಿ ಒತ್ತಿ ಅಂಟಿಸುವಂಥದ್ದಿರಲಿ, ಬಕಲ್ ಬೇಡ. ಅಡಿ ತೀರಾ ದಪ್ಪ, ಮೆತ್ತಗೆ ಇರುವುದು ಬೇಡ, ನೆಲ ತಿಳಿಯದೆ ಎಡವುತ್ತಾರೆ. ಸಕ್ಕರೆ ಕಾಯಿಲೆ ಇದ್ದವರ ಚಪ್ಪಲಿಯೊಳಗೆ ಕೈ ಹಾಕಿ ನೋಡಿ, ಹೊಲಿಗೆಯ ಗಂಟು ಚುಚ್ಚಬಾರದು. ಅವರಿಗೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ.